ಕೂಸಿನ ಬಾಯಲ್ಲೂ ಅಜ್ಜಿಯ ಬಾಯಲ್ಲೂ ಅದೇ ಬಿಳುಪು

ಕೂಸಿನ ನಾಲಿಗೆ ಬೆಳ್ಳಗೆ ಕಂಡರೆ ಹಾಲಿನ ಅಗ್ರ ಎಂದು ಬೆರಳಿಗೆ ಬಟ್ಟೆ ಸುತ್ತಿ ಒರೆಸುವುದು ಅನೇಕ ಮನೆಗಳ ರೂಢಿ. ಹಾಲಾಗಿದ್ದರೆ ಅದು ಸಲೀಸಾಗಿ ಹೋಗುತ್ತದೆ. ಹೋಗದೆ, ಕೆನ್ನೆಯ ಒಳಗೂ ತುಟಿಯ ಹಿಂದೆಯೂ ಮೊಸರಿನ ಚೂರುಗಳಂತೆ ಅಂಟಿಕೊಂಡಿದ್ದು, ಉಜ್ಜಿದ ಜಾಗ ಕೆಂಪಾಗಿ ರಕ್ತ ಜಿನುಗಿದರೆ ಅದು ಬಹುಪಾಲು ಥ್ರಷ್. ಇನ್ನು ಉಜ್ಜುವುದು ಬೇಡ.

ಇದಕ್ಕೆ ಕಾರಣ ಕ್ಯಾಂಡಿಡಾ ಎಂಬ ಶಿಲೀಂಧ್ರ. ಆರೋಗ್ಯವಂತರ ಬಾಯಲ್ಲೂ ಸದ್ದಿಲ್ಲದೆ ಇರುವ ಇದು, ಕೂಸಿನ ರೋಗನಿರೋಧಕ ಶಕ್ತಿ ಇನ್ನೂ ಬಲಿಯದ ಕಾರಣ ಅಲ್ಲಿ ಮಿತಿಮೀರಿ ಬೆಳೆಯುತ್ತದೆ.

ವೈದ್ಯರು ಸಾಮಾನ್ಯವಾಗಿ ನಿಸ್ಟಾಟಿನ್ ಹನಿಗಳನ್ನೋ ಕ್ಲೋಟ್ರಿಮಜೋಲ್ ಮೌತ್ ಪೇಂಟನ್ನೋ ಬರೆದುಕೊಡುತ್ತಾರೆ. ನಿಸ್ಟಾಟಿನ್ ಹೊಟ್ಟೆಗೆ ಹೋಗಿ ರಕ್ತ ಸೇರಿ ಕೆಲಸ ಮಾಡುವ ಔಷಧಿಯಲ್ಲ. ಬಿಳಿ ಪದರಕ್ಕೆ ತಾಗಿದಷ್ಟು ಹೊತ್ತು ಮಾತ್ರ ಅದರ ಪ್ರಭಾವ. ಆದ್ದರಿಂದ ಹಾಲು ಕುಡಿಸುವ ಮೊದಲು ಹಾಕಿದರೆ ಹಾಲಿನ ಜತೆ ತೊಳೆದುಹೋಗುತ್ತದೆ. ಹಾಲು ಕುಡಿಸಿದ ಮೇಲೆ, ದಿನಕ್ಕೆ 4 ಸಲ, ಹೇಳಿದ ಪ್ರಮಾಣದಲ್ಲಿ ಅರ್ಧವನ್ನು ಒಂದು ಕೆನ್ನೆಯೊಳಗೆ, ಉಳಿದರ್ಧವನ್ನು ಇನ್ನೊಂದು ಕೆನ್ನೆಯೊಳಗೆ ಬಿಡಬೇಕು. ಬಿಳುಪು ಮಾಯವಾದ ದಿನವೇ ನಿಲ್ಲಿಸುವುದು ಸಾಮಾನ್ಯ ತಪ್ಪು. ಆಮೇಲೂ 2 ದಿನ ಮುಂದುವರಿಸಬೇಕು. ಮೈಕೊನಜೋಲ್ ಜೆಲ್ ಎಳೆಗೂಸಿನ ಗಂಟಲಿಗೆ ಅಡರಿ ಉಸಿರು ಕಟ್ಟಿಸಬಹುದು, ಹಾಗಾಗಿ ವೈದ್ಯರನ್ನು ಕೇಳದೆ ಹಚ್ಚಬಾರದು. ಜೇನುತುಪ್ಪವಂತೂ ವರ್ಷ ತುಂಬುವವರೆಗೆ ಬೇಡವೇ ಬೇಡ: ಅದರಲ್ಲಿರಬಹುದಾದ ಬಾಟುಲಿಸಂ ರೋಗಾಣು ಕೂಸಿನ ಜೀವಕ್ಕೇ ಎರವಾದೀತು.

ಔಷಧಿ ಸರಿಯಾಗಿ ಹಾಕಿದರೂ ಮತ್ತೆ ಮತ್ತೆ ಬಂದರೆ ತಾಯಿಯನ್ನು ನೋಡಬೇಕು. ಮೊಲೆತೊಟ್ಟು ಕೆಂಪಾಗಿ ಉರಿಯುತ್ತಿದ್ದರೆ ಇಬ್ಬರಿಗೂ ಒಟ್ಟಿಗೇ ಚಿಕಿತ್ಸೆಯಾಗಬೇಕು. ಇಲ್ಲದಿದ್ದರೆ ಸೋಂಕು ಒಬ್ಬರಿಂದೊಬ್ಬರಿಗೆ ದಾಟುತ್ತಲೇ ಇರುತ್ತದೆ. ಬಾಟಲಿಯ ನಿಪ್ಪಲ್‌ಗಳನ್ನು ದಿನವೂ ಕುದಿಸಬೇಕು.

ಅದೇ ಮನೆಯಲ್ಲಿ ಅಸ್ತಮಾಕ್ಕೆ ಬುಡೆಸೊನೈಡ್ ಇನ್ಹೇಲರ್ ಎಳೆಯುವ ಅಜ್ಜಿ ಇದ್ದಾರೆ ಎನ್ನಿ. ಊಟ ರುಚಿಸದು, ನಾಲಿಗೆ ಉರಿ, ದನಿ ಗೊಗ್ಗರು. ಎಳೆದ ಔಷಧಿಯ ದೊಡ್ಡ ಪಾಲು ಶ್ವಾಸಕೋಶ ತಲುಪದೆ ಬಾಯಿ, ಗಂಟಲಿನಲ್ಲೇ ಕೂರುತ್ತದೆ. ಅಲ್ಲಿ ಆ ಸ್ಟಿರಾಯ್ಡ್ ರಕ್ಷಣೆಯನ್ನು ತಗ್ಗಿಸುವುದರಿಂದ ಕ್ಯಾಂಡಿಡಾ ಬೆಳೆಯುತ್ತದೆ. ಸಾಲ್ಬುಟಮಾಲ್ ಮಾತ್ರ ಇರುವ ಇನ್ಹೇಲರಿನಲ್ಲಿ ಸ್ಟಿರಾಯ್ಡ್ ಇರುವುದಿಲ್ಲ, ಅದನ್ನು ದೂರಬೇಕಿಲ್ಲ.

ಪರಿಹಾರ ಸರಳ, ಆದರೆ ಅರ್ಧಂಬರ್ಧ ಮಾಡುವವರೇ ಹೆಚ್ಚು. ಎಳೆದ ಕೂಡಲೇ ನೀರು ಹಾಕಿ ಬಾಯಿ ಮುಕ್ಕಳಿಸಿ, ತಲೆ ಹಿಂದಕ್ಕೆ ಬಾಗಿಸಿ ಗಂಟಲಿನವರೆಗೂ ಗೊಳಗೊಳ ಮಾಡಿ ಉಗುಳಬೇಕು, ನುಂಗಬಾರದು. ಹಲ್ಲುಜ್ಜುವ ಮುನ್ನ ಇನ್ಹೇಲರ್ ಬಳಸಿದರೆ ಎರಡೂ ಕೆಲಸ ಒಟ್ಟಿಗೇ ಆಗುತ್ತದೆ. ಒತ್ತಿ ಎಳೆಯುವ ಇನ್ಹೇಲರಿಗೆ ಸ್ಪೇಸರ್ ಜೋಡಿಸಿದರೆ ಬಾಯಲ್ಲಿ ಕೂರುವ ಪಾಲು ತಗ್ಗುತ್ತದೆ. ಪುಡಿಯ ಕ್ಯಾಪ್ಸೂಲಿನ ಇನ್ಹೇಲರಿಗೆ ಸ್ಪೇಸರ್ ಹೊಂದುವುದಿಲ್ಲ. ಕಟ್ಟಿಸಿದ ಹಲ್ಲಿನ ಸೆಟ್ ಇದ್ದರೆ ರಾತ್ರಿ ತೆಗೆದಿಟ್ಟು ತೊಳೆಯಬೇಕು.

ಬಾಯಿ ಉರಿಯುತ್ತದೆಂದು ಇನ್ಹೇಲರನ್ನೇ ಬಿಟ್ಟರೆ ಉಬ್ಬಸ ಮರುಕಳಿಸುತ್ತದೆ. ಥ್ರಷ್‌ಗೆ ಬೇರೆ ಔಷಧಿಯಿದೆ, ಆದರೆ ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುವವರು ಮೈಕೊನಜೋಲ್, ಫ್ಲುಕೊನಜೋಲ್‌ಗೆ ಮುನ್ನ ಅದನ್ನು ವೈದ್ಯರಿಗೆ ಹೇಳಲೇಬೇಕು. ಎರಡೂ ಸೇರಿದರೆ ರಕ್ತಸ್ರಾವದ ಅಪಾಯವಿದೆ. ನುಂಗುವಾಗ ಎದೆಯ ಹಿಂದೆ ನೋವಾದರೆ ಸೋಂಕು ಅನ್ನನಾಳಕ್ಕೆ ಇಳಿದಿರಬಹುದು, ತಡಮಾಡದೆ ತೋರಿಸಬೇಕು. ಪದೇಪದೇ ಬರುತ್ತಿದ್ದರೆ ರಕ್ತದ ಸಕ್ಕರೆಯನ್ನೂ ಪರೀಕ್ಷಿಸಬೇಕು. ಕೂಸು ಹಾಲನ್ನೇ ಬಿಟ್ಟರೆ, ಜ್ವರ ಬಂದರೆ ಅಥವಾ ವಾರ ಕಳೆದರೂ ಬಿಳುಪು ಇಳಿಯದಿದ್ದರೆ ಮಕ್ಕಳ ವೈದ್ಯರನ್ನು ಕಾಣಬೇಕು.