ಪ್ಲೇಗ್, ಆಂಥ್ರಾಕ್ಸ್: ರೋಗಾಣು ದೇಹ ಹೊಕ್ಕ ದಾರಿಯೇ ಕಾಯಿಲೆಯ ರೂಪ ನಿರ್ಧರಿಸುತ್ತದೆ

2002ರ ಫೆಬ್ರವರಿಯಲ್ಲಿ ಹಿಮಾಚಲ ಪ್ರದೇಶದ ಶಿಮ್ಲಾ ಜಿಲ್ಲೆಯ ಹಟ್‌ಕೋಟಿ ಗ್ರಾಮದಲ್ಲಿ ಬೇಟೆಗಾರನೊಬ್ಬ ಕಾಡುಬೆಕ್ಕಿನ ಚರ್ಮ ಸುಲಿದಿದ್ದ. ಕೆಲವೇ ದಿನಗಳಲ್ಲಿ ಆತ ಜ್ವರ ಬಂದು ಮಲಗಿದ. ನಂತರ ಅವನ ಬಂಧುಗಳು ಹಾಗೂ ಸಂಪರ್ಕಕ್ಕೆ ಬಂದವರು ಒಬ್ಬೊಬ್ಬರಾಗಿ ಕಾಯಿಲೆ ಬಿದ್ದರು. ಒಟ್ಟು 16 ಮಂದಿಗೆ ಕಾಯಿಲೆ ತಗುಲಿ, ನಾಲ್ವರು ಮೃತಪಟ್ಟರು. ಪ್ರಯೋಗಾಲಯದ ಪರೀಕ್ಷೆಯಲ್ಲಿ ಅದು ಶ್ವಾಸಕೋಶದ ಪ್ಲೇಗ್ ಎಂದು ದೃಢಪಟ್ಟಿತು.

ಪ್ಲೇಗ್ ಎಂದರೆ ಇಲಿ, ಚಿಗಟ ಎಂಬುದಷ್ಟೇ ಹೆಚ್ಚಿನವರಿಗೆ ಗೊತ್ತು. ಇಲ್ಲಿ ಇಲಿ ಮನೆಗೆ ಬಂದಿರಲಿಲ್ಲ, ಮನುಷ್ಯನೇ ಸೋಂಕಿತ ಪ್ರಾಣಿಯನ್ನು ಮುಟ್ಟಿದ್ದ. ಪ್ರಾಣಿಗಳಿಂದ ಬರುವ ಈ ರೋಗದಲ್ಲಿ ಬ್ಯಾಕ್ಟೀರಿಯಾ ಒಂದೇ ಆದರೂ, ಅದು ಯಾವ ದಾರಿಯಲ್ಲಿ ದೇಹ ಸೇರಿತು ಎಂಬುದರ ಮೇಲೆ ಕಾಯಿಲೆಯ ರೂಪ ಬದಲಾಗುತ್ತದೆ. ಆಂಥ್ರಾಕ್ಸ್‌ನದ್ದೂ ಇದೇ ಕಥೆ.

ಪ್ಲೇಗ್‌ನ ಮೂರು ರೂಪಗಳು

ಸೋಂಕಿತ ಚಿಗಟ ಕಚ್ಚಿದಾಗ ರೋಗಾಣು ಹತ್ತಿರದ ದುಗ್ಧಗ್ರಂಥಿಯನ್ನು ಸೇರುತ್ತದೆ. ತೊಡೆಸಂದು, ಕಂಕುಳು ಅಥವಾ ಕುತ್ತಿಗೆಯಲ್ಲಿ ಮುಟ್ಟಲೂ ಆಗದಷ್ಟು ನೋಯುವ ಗಡ್ಡೆ ಏಳುತ್ತದೆ. ಇದು ಗಡ್ಡೆ ಪ್ಲೇಗ್. ರೋಗಾಣು ರಕ್ತದಲ್ಲಿ ಹರಡಿದರೆ ಗಡ್ಡೆ ಇಲ್ಲದೆಯೂ ರೋಗಿಯ ರಕ್ತದೊತ್ತಡ ಕುಸಿಯಬಹುದು. ಮೂರನೆಯದು ಶ್ವಾಸಕೋಶದ ಪ್ಲೇಗ್. ಜ್ವರ, ಎದೆನೋವು, ರಕ್ತ ಮಿಶ್ರಿತ ಕಫ ಇದರ ಲಕ್ಷಣ. ಕೆಮ್ಮಿದಾಗ ಸಿಡಿಯುವ ಹನಿಗಳಿಂದ ಒಬ್ಬರಿಂದ ಒಬ್ಬರಿಗೆ ಹರಡುವುದು ಈ ರೂಪ ಮಾತ್ರ. ಹಟ್‌ಕೋಟಿಯಲ್ಲಿ ಹತ್ತಿರದವರಿಗೇ ರೋಗ ಬಂದದ್ದು ಹೀಗೆ.

ಶ್ವಾಸಕೋಶದ ಪ್ಲೇಗ್‌ಗೆ ಲಕ್ಷಣ ಕಂಡ ಒಂದು ದಿನದೊಳಗೆ ಔಷಧಿ ಶುರುವಾಗಬೇಕು, ತಡವಾದರೆ ಬದುಕುವ ಸಾಧ್ಯತೆ ತೀರಾ ಕಡಿಮೆ. ಹಾಗಾಗಿ ಕಫ ಅಥವಾ ರಕ್ತದ ಮಾದರಿ ತೆಗೆದ ಕೂಡಲೇ, ವರದಿಗೆ ಕಾಯದೆ ವೈದ್ಯರು ಚಿಕಿತ್ಸೆ ಆರಂಭಿಸುತ್ತಾರೆ. ಸ್ಟ್ರೆಪ್ಟೊಮೈಸಿನ್ ಅಥವಾ ಜೆಂಟಮೈಸಿನ್ ಇಂಜೆಕ್ಷನ್, ಸಿಪ್ರೊಫ್ಲಾಕ್ಸಸಿನ್, ಲಿವೊಫ್ಲಾಕ್ಸಸಿನ್, ಡಾಕ್ಸಿಸೈಕ್ಲಿನ್ ಬಳಕೆಯಲ್ಲಿವೆ. ಸಾಮಾನ್ಯವಾಗಿ 10ರಿಂದ 14 ದಿನಗಳ ಕೋರ್ಸ್ ಇರುತ್ತದೆ. ರೋಗಿಯ ಹತ್ತಿರವಿದ್ದವರಿಗೆ ಮುಂಜಾಗ್ರತೆಯಾಗಿ ಏಳು ದಿನ ಮಾತ್ರೆ ಕೊಡಲಾಗುತ್ತದೆ. ನ್ಯುಮೋನಿಯಾ ಎಂದುಕೊಂಡು ಪೆನಿಸಿಲಿನ್ ಗುಂಪಿನ ಔಷಧಿಯನ್ನಷ್ಟೇ ಕೊಟ್ಟರೆ ಅಮೂಲ್ಯ ಸಮಯ ವ್ಯರ್ಥವಾಗುತ್ತದೆ, ಏಕೆಂದರೆ ಪ್ಲೇಗ್ ವಿರುದ್ಧ ಅದನ್ನು ನೆಚ್ಚಿಕೊಳ್ಳುವಂತಿಲ್ಲ.

ಸತ್ತ ದನದಿಂದ ಬರುವ ಆಂಥ್ರಾಕ್ಸ್

ಕರ್ನಾಟಕದ ರೈತರು ನೆರಡಿ ರೋಗ ಎಂದು ಕರೆಯುವ ಆಂಥ್ರಾಕ್ಸ್ ದನ, ಕುರಿ, ಮೇಕೆಗಳ ಕಾಯಿಲೆ. ರೋಗ ಬಂದ ದನ ಹಠಾತ್ತನೆ ಸಾಯುತ್ತದೆ, ಮೂಗು ಮತ್ತು ಗುದದ್ವಾರದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಒಸರಬಹುದು. ಅಂಥ ದನವನ್ನು ಕೊಯ್ದರೆ ರೋಗಾಣುವಿಗೆ ಗಾಳಿ ತಾಗಿ ಅದು ಗಟ್ಟಿ ಕವಚದ ಬೀಜಾಣುವಾಗುತ್ತದೆ. ಬೀಜಾಣು ಮಣ್ಣಿನಲ್ಲಿ ದಶಕಗಳ ಕಾಲ ಉಳಿಯಬಲ್ಲದು. ಆದ್ದರಿಂದಲೇ ಕಳೇಬರವನ್ನು ಕೊಯ್ಯದೆ, ಸುಣ್ಣ ಹಾಕಿ ಆಳವಾಗಿ ಹೂಳುತ್ತಾರೆ ಅಥವಾ ಸುಡುತ್ತಾರೆ.

ಮನುಷ್ಯರಲ್ಲಿ ಕಾಣುವ ಬಹುಪಾಲು ಪ್ರಕರಣ ಚರ್ಮದ್ದು. ಚರ್ಮ ಸುಲಿಯುವಾಗ, ಮಾಂಸ ಕತ್ತರಿಸುವಾಗ ಕೈಯ ಗಾಯದ ಮೂಲಕ ಬೀಜಾಣು ಒಳಸೇರುತ್ತದೆ. ಮೊದಲು ಕೀಟ ಕಚ್ಚಿದಂಥ ತುರಿಕೆಯ ಗುಳ್ಳೆ, ನಂತರ ನೀರುಗುಳ್ಳೆ, ಕೊನೆಗೆ ಇದ್ದಿಲಿನಂತೆ ಕಪ್ಪಾದ ಹಕ್ಕಳೆ. ಸುತ್ತ ಊತ ಜೋರಾಗಿದ್ದರೂ ಹುಣ್ಣಿನಲ್ಲಿ ನೋವಿರುವುದಿಲ್ಲ. ಗುರುತು ಹಿಡಿಯಲು ಇದೇ ಸುಳಿವು. ಸರಿಯಾಗಿ ಬೇಯದ ಸೋಂಕಿತ ಮಾಂಸ ತಿಂದರೆ ಹೊಟ್ಟೆನೋವು, ರಕ್ತಭೇದಿ ಕಾಣಿಸಿಕೊಳ್ಳುತ್ತದೆ. ಬೀಜಾಣು ಉಸಿರಿನೊಂದಿಗೆ ಒಳಹೋದರೆ ಮಾತ್ರ ಅತ್ಯಂತ ಮಾರಕ. 2001ರಲ್ಲಿ ಅಮೆರಿಕದಲ್ಲಿ ಅಂಚೆ ಲಕೋಟೆಗಳ ಮೂಲಕ ಹರಡಿದ ಆಂಥ್ರಾಕ್ಸ್‌ನಿಂದ 22 ಮಂದಿಗೆ ಸೋಂಕು ತಗುಲಿತ್ತು. ಮೃತಪಟ್ಟ ಐವರಿಗೂ ಉಸಿರಾಟದ ಆಂಥ್ರಾಕ್ಸ್ ಬಂದಿತ್ತು.

7 ದಿನವೋ, 60 ದಿನವೋ?

ದನದಿಂದ ತಗುಲಿದ ಸಾಮಾನ್ಯ ಚರ್ಮದ ಆಂಥ್ರಾಕ್ಸ್‌ಗೆ ಡಾಕ್ಸಿಸೈಕ್ಲಿನ್, ಸಿಪ್ರೊಫ್ಲಾಕ್ಸಸಿನ್ ಅಥವಾ ರೋಗಾಣು ಬಗ್ಗುವಂತಿದ್ದರೆ ಪೆನಿಸಿಲಿನ್ ಗುಂಪಿನ ಔಷಧಿ 7ರಿಂದ 10 ದಿನ ಸಾಕಾಗುತ್ತದೆ. ಔಷಧಿ ಶುರುವಾದ ಮೇಲೂ ಹಕ್ಕಳೆ ಕಪ್ಪಾಗುತ್ತಲೇ ಹೋಗಬಹುದು. ಔಷಧಿ ಸೋತಿತು ಎಂದು ಅದರರ್ಥವಲ್ಲ. ರೋಗಾಣು ಸತ್ತರೂ ಅದು ಆಗಲೇ ಬಿಟ್ಟ ವಿಷದ ಪರಿಣಾಮ ಅಲ್ಲಿ ಮುಂದುವರಿಯುತ್ತದೆ.

ಈ ವಿಷವೇ ಉಸಿರಾಟದ ಆಂಥ್ರಾಕ್ಸ್‌ನಲ್ಲಿ ಪ್ರಾಣ ತೆಗೆಯುತ್ತದೆ. ಹಾಗಾಗಿ ಅಲ್ಲಿ ರೋಗಾಣು ಕೊಲ್ಲುವ ಸಿಪ್ರೊಫ್ಲಾಕ್ಸಸಿನ್‌ನಂಥ ಔಷಧಿಯ ಜೊತೆಗೆ, ಹೊಸದಾಗಿ ವಿಷ ತಯಾರಾಗದಂತೆ ತಡೆಯುವ ಕ್ಲಿಂಡಮೈಸಿನ್ ಅಥವಾ ಲಿನೆಝೋಲಿಡ್ ಅನ್ನೂ ನೀಡಲಾಗುತ್ತದೆ. ಶ್ವಾಸಕೋಶದಲ್ಲಿ ಸುಪ್ತವಾಗಿರುವ ಬೀಜಾಣುಗಳಿಗೆ ಆಂಟಿಬಯೋಟಿಕ್ ನಾಟುವುದಿಲ್ಲ, ಅವು ವಾರಗಳ ನಂತರ ಮೊಳೆಯಬಹುದು. ಬೀಜಾಣು ಉಸಿರಾಡಿದವರಿಗೆ ಔಷಧಿಯನ್ನು 60 ದಿನಗಳವರೆಗೆ ಮುಂದುವರಿಸುವುದು ಇದೇ ಕಾರಣಕ್ಕೆ.

ಎರಡೂ ರೋಗಗಳು ಆರಂಭದಲ್ಲಿ ಮಾಮೂಲಿ ಜ್ವರ ಅಥವಾ ಗುಳ್ಳೆಯಂತೆಯೇ ಕಾಣುತ್ತವೆ. ಸತ್ತ ದನ ಮುಟ್ಟಿದ್ದು, ಕಾಡುಪ್ರಾಣಿಯ ಚರ್ಮ ಸುಲಿದದ್ದು, ಮನೆ ಸುತ್ತ ಇಲಿಗಳು ಸತ್ತು ಬಿದ್ದದ್ದು ಇವನ್ನು ರೋಗಿ ತಾನಾಗಿಯೇ ಹೇಳದಿದ್ದರೆ ವೈದ್ಯರಿಗೆ ಅನುಮಾನವೇ ಬಾರದಿರಬಹುದು.