ಎರಡೂವರೆ ಎರಡಾಗುವುದೇಕೆ?

ಪೈಥಾನ್ ಕಲಿಯುವವರು ಒಂದಲ್ಲ ಒಂದು ದಿನ ಇಲ್ಲಿ ಬಂದು ಎಡವುತ್ತಾರೆ:

```
>>> round(3.5)
4
>>> round(2.5)
2
```

ಮೂರೂವರೆ ನಾಲ್ಕಾಯಿತು, ಸರಿ. ಎರಡೂವರೆ ಮೂರಾಗಬೇಕಿತ್ತಲ್ಲ? ಅರ್ಧ ಬಂದರೆ ಮೇಲಕ್ಕೆ ಎಂದು ತಾನೇ ಮೇಷ್ಟ್ರು ಹೇಳಿಕೊಟ್ಟಿದ್ದು? ಎಕ್ಸೆಲ್‌ ಹಾಳೆಯ `ROUND` ಇವತ್ತಿಗೂ ಮೂರು ಎನ್ನುತ್ತದೆ. ಪೈಥಾನ್ 2 ಕೂಡ ಹಾಗೇ ಎನ್ನುತ್ತಿತ್ತು. ಪೈಥಾನ್ 3 ಬಂದಾಗ ಉತ್ತರ ಬದಲಾಯಿತು. ಇದು ದೋಷವಲ್ಲ, ಬೇಕೆಂದೇ ಮಾಡಿದ ಬದಲಾವಣೆ.

ಕಾರಣ ತಿಳಿಯಲು 2.0ರಿಂದ 2.9ರವರೆಗಿನ ಹತ್ತು ಸಂಖ್ಯೆಗಳನ್ನು ಸಾಲಾಗಿ ಬರೆದುಕೊಳ್ಳಿ. 2.1 ಎರಡಾದಾಗ 0.1 ಕಳೆದುಕೊಳ್ಳುತ್ತೇವೆ, 2.9 ಮೂರಾದಾಗ ಅದೇ 0.1 ಮರಳಿ ಬರುತ್ತದೆ. ಹಾಗೆಯೇ 2.2ಕ್ಕೆ 2.8 ಜೋಡಿ, 2.3ಕ್ಕೆ 2.7, 2.4ಕ್ಕೆ 2.6. ನಾಲ್ಕು ಜೋಡಿಗಳ ಲಾಭನಷ್ಟ ಅಲ್ಲಿಗಲ್ಲಿಗೆ ಚುಕ್ತಾ. ಜೋಡಿಯಿಲ್ಲದೆ ಒಂಟಿಯಾಗಿ ಉಳಿಯುವುದು 2.5 ಮಾತ್ರ.

'ಸೊನ್ನೆಯಿಂದ ನಾಲ್ಕರವರೆಗೆ ಐದು ಅಂಕಿ ಕೆಳಕ್ಕೆ, ಐದರಿಂದ ಒಂಬತ್ತರವರೆಗೆ ಐದು ಅಂಕಿ ಮೇಲಕ್ಕೆ, ಸಮವಾಯಿತಲ್ಲ' ಎಂದು ವಾದಿಸುವವರಿದ್ದಾರೆ. ಆದರೆ 2.0 ಎಲ್ಲಿಗೂ ಹೋಗುವುದಿಲ್ಲ. ಅದು ಆಗಲೇ ಎರಡು. ಏನನ್ನೂ ಕಳೆದುಕೊಳ್ಳದ ಸೊನ್ನೆ ಐದರ ಲಾಭವನ್ನು ತೂಗಿಸಲಾರದು. ಆದ್ದರಿಂದ ಐದನ್ನು ಪ್ರತಿಸಲ ಮೇಲಕ್ಕೇ ಕಳಿಸಿದರೆ ಹತ್ತು ಸಂಖ್ಯೆಗೆ ಅರ್ಧದಷ್ಟು ಹೆಚ್ಚುವರಿ ಒಳಗೆ ಸೇರುತ್ತದೆ, ಅದೂ ಯಾವಾಗಲೂ ಒಂದೇ ದಿಕ್ಕಿನಲ್ಲಿ.

ಬರೀ ಅರ್ಧಗಳನ್ನೇ ಕೂಡಿಸಿ ನೋಡಿದರೆ ಇದು ಎದ್ದು ಕಾಣುತ್ತದೆ. ಅರ್ಧ, ಒಂದೂವರೆ, ಎರಡೂವರೆ ಎನ್ನುತ್ತ ಒಂಬತ್ತೂವರೆಯವರೆಗೆ ಕೂಡಿಸಿದರೆ ನಿಜವಾದ ಮೊತ್ತ 50. ಶಾಲೆಯ ನಿಯಮದಂತೆ ಎಲ್ಲವನ್ನೂ ಮೇಲಕ್ಕೆತ್ತಿದರೆ 1, 2, 3 ಎಂದು 10ರವರೆಗೆ ಬಂದು ಮೊತ್ತ 55 ಆಗುತ್ತದೆ. ಈಗ ಇನ್ನೊಂದು ನಿಯಮ ಹಾಕಿಕೊಳ್ಳೋಣ: ಸರಿಯಾಗಿ ಅರ್ಧ ಬಂದಾಗ ಅಕ್ಕಪಕ್ಕದ ಎರಡು ಸಂಖ್ಯೆಗಳಲ್ಲಿ ಯಾವುದು ಸಮವೋ ಅದಕ್ಕೆ ಹೋಗುವುದು. ಆಗ ಸಿಗುವುದು 0, 2, 2, 4, 4, 6, 6, 8, 8, 10. ಮೊತ್ತ ಮತ್ತೆ 50. ಅರ್ಧಗಳಲ್ಲಿ ಐದು ಇಳಿದವು, ಐದು ಏರಿದವು. 'ಬ್ಯಾಂಕರ್ಸ್ ರೌಂಡಿಂಗ್' ಎಂದು ಕರೆಯುವುದು ಇದನ್ನೇ.

ಈ ನಿಯಮ ಬ್ಯಾಂಕಿನ ಹೆಸರು ಹೊತ್ತಿದ್ದರೂ ಪ್ರಯೋಗಾಲಯದಲ್ಲೂ ಬಳಕೆಯಲ್ಲಿದೆ. ಪಿಯುಸಿ ಮೊದಲ ವರ್ಷದ ಭೌತಶಾಸ್ತ್ರದಲ್ಲಿ 2.745 ಮತ್ತು 2.735 ಎರಡನ್ನೂ 2.74 ಎಂದೇ ಬರೆಯಲು ಕಲಿಸುವುದು ಇದೇ ಲೆಕ್ಕದಲ್ಲಿ. ಕಂಪ್ಯೂಟರ್‌ನ ಫ್ಲೋಟಿಂಗ್ ಪಾಯಿಂಟ್ ಲೆಕ್ಕಾಚಾರಕ್ಕೆ 1985ರಲ್ಲಿ ರೂಪುಗೊಂಡ ಐಇಇಇ 754 ಮಾನದಂಡವೂ ಇದನ್ನೇ ಮೂಲ ನಿಯಮವಾಗಿಸಿತು. ಪ್ರೊಸೆಸರ್ ಪ್ರತಿ ಕೂಡುವಿಕೆಯ, ಪ್ರತಿ ಗುಣಾಕಾರದ ಕೊನೆಯಲ್ಲೂ ಉತ್ತರವನ್ನು ತನ್ನ ಅಳತೆಗೆ ಕತ್ತರಿಸಿಕೊಳ್ಳಬೇಕಾಗುತ್ತದೆ. ಕೋಟಿಗಟ್ಟಲೆ ಸಲ ನಡೆಯುವ ಆ ಕೆಲಸದಲ್ಲಿ ಒಂದೇ ಕಡೆ ವಾಲುವ ನಿಯಮವಿದ್ದರೆ ಉತ್ತರವೂ ನಿಧಾನವಾಗಿ ಆ ಕಡೆಗೇ ಸರಿಯುತ್ತದೆ. ಅರ್ಧ ಬಂದಾಗಲೆಲ್ಲ ನಾಣ್ಯ ಚಿಮ್ಮಿ ನಿರ್ಧರಿಸಿದರೂ ವಾಲುವುದು ತಪ್ಪುತ್ತಿತ್ತು, ನಿಜ. ಆದರೆ ಒಂದೇ ಲೆಕ್ಕಕ್ಕೆ ಇವತ್ತೊಂದು ಉತ್ತರ, ನಾಳೆ ಇನ್ನೊಂದು ಬರುತ್ತಿತ್ತು.

ಈ ನಿಯಮಕ್ಕೂ ಮಿತಿಗಳಿವೆ. ಸಮ, ಬೆಸಗಳೆರಡೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಬಂದರೆ ಮಾತ್ರ ತಕ್ಕಡಿ ನೇರ ನಿಲ್ಲುತ್ತದೆ. ಪ್ರತಿ ಗಿರಾಕಿಯ ಲೆಕ್ಕದಲ್ಲೂ ಮೂರೂವರೆಯೇ ಬರುವುದಾದರೆ ಅದು ಪ್ರತಿಸಲ ನಾಲ್ಕೇ ಆಗುತ್ತದೆ. ಇನ್ನು `round(2.675, 2)` ಎಂದು ಕೇಳಿದರೆ, 7 ಬೆಸವಾದ್ದರಿಂದ 2.68 ಬರಬೇಕು, ಬರುವುದು 2.67. ಇಲ್ಲಿ ಸಮಸಂಖ್ಯೆಯ ನಿಯಮದ ತಪ್ಪಿಲ್ಲ. ದ್ವಿಮಾನ ಪದ್ಧತಿಯಲ್ಲಿ 2.675 ಅನ್ನು ಕರಾರುವಾಕ್ಕಾಗಿ ಬರೆಯಲಾಗದು, ಒಳಗೆ ಕೂತಿರುವುದು ಅದಕ್ಕಿಂತ ಕೂದಲೆಳೆಯಷ್ಟು ಚಿಕ್ಕ ಸಂಖ್ಯೆ. ಅದು ಅರ್ಧವನ್ನು ಮುಟ್ಟಿಯೇ ಇಲ್ಲ. ಹಣದ ಲೆಕ್ಕಕ್ಕೆ ಪೈಥಾನ್‌ನಲ್ಲಿ `Decimal` ಎಂಬ ಬೇರೆ ವಿಧಾನ ಬಳಸುವುದು ಇದಕ್ಕೇ.

ಕಾನೂನು ಬೇರೆ ಹೇಳಿದರಂತೂ ಸಂಖ್ಯಾಶಾಸ್ತ್ರ ಸುಮ್ಮನಿರಬೇಕು. ನಮ್ಮ ಜಿಎಸ್‌ಟಿ ಕಾಯ್ದೆಯ 170ನೇ ಕಲಮಿನ ಪ್ರಕಾರ ಐವತ್ತು ಪೈಸೆ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಒಂದು ರೂಪಾಯಿ. ಸಮ, ಬೆಸದ ಮಾತೇ ಇಲ್ಲ. ತೆರಿಗೆ ₹126.50 ಬಂದರೆ ಕಟ್ಟಬೇಕಾದದ್ದು ₹127. ಬಿಲ್ಲಿಂಗ್ ತಂತ್ರಾಂಶ ಬರೆಯುವವರು ಅಲ್ಲಿ ಬರೀ `round` ಹಾಕಿದ್ದರೆ ₹126 ಬರುತ್ತದೆ. ಅವರು ಪರೀಕ್ಷಿಸಲು ₹127.50 ಕೊಟ್ಟು ನೋಡಿದರೆ ತಪ್ಪು ಗೊತ್ತಾಗುವುದೇ ಇಲ್ಲ. ಎರಡೂ ನಿಯಮಗಳು ₹128 ಎಂದೇ ಹೇಳುತ್ತವೆ. ಅದು ಸಿಕ್ಕಿಬೀಳುವುದು ಸಮಸಂಖ್ಯೆಯ ಮುಂದೆ ಐವತ್ತು ಪೈಸೆ ಇಟ್ಟು ಪರೀಕ್ಷಿಸಿದಾಗ ಮಾತ್ರ.