ಬ್ಯಾಂಕಿನಲ್ಲಿರುವ ದುಡ್ಡೆಲ್ಲ ಖರ್ಚಿಗಲ್ಲ

ಸ್ವಯಂಸೇವಾ ಸಂಸ್ಥೆಗೆ ಹೊಸದಾಗಿ ಪ್ರೋಗ್ರಾಂ ಮ್ಯಾನೇಜರ್ ಆಗಿ ಬಂದವರನ್ನು ಫೆಬ್ರುವರಿ ತಿಂಗಳಲ್ಲಿ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ‘ಇನ್ನೆಷ್ಟು ದುಡ್ಡು ಉಳಿದಿದೆ?’ ಹೊಸಬರು ಮಂಜೂರಾದ ಮೊತ್ತದಲ್ಲಿ ಈವರೆಗೆ ಪಾವತಿಸಿದ್ದನ್ನು ಕಳೆದು ಉತ್ತರ ಹೇಳಿಬಿಡುತ್ತಾರೆ. ಕಳೆಯುವ ಲೆಕ್ಕ ಸರಿಯಾಗಿಯೇ ಇರುತ್ತದೆ, ಉತ್ತರ ಮಾತ್ರ ತಪ್ಪಾಗಿರುತ್ತದೆ. ಕಮಿಟ್‌ಮೆಂಟ್, ಎನ್‌ಕಂಬ್ರನ್ಸ್, ಅಕ್ರೂಯಲ್, ಕ್ಯಾರಿಓವರ್ ಎಂದು ಅಕೌಂಟೆಂಟರು ಹೇಳುವ ನಾಲ್ಕು ಮಾತುಗಳ ಗುಟ್ಟು ಈ ತಪ್ಪಿನಲ್ಲೇ ಇದೆ.

ಒಂದು ಲೆಕ್ಕವನ್ನು ಕಲ್ಪಿಸಿಕೊಳ್ಳೋಣ. ಕಂಪನಿಯೊಂದು ತನ್ನ ಸಿಎಸ್‌ಆರ್ ಹಣದಿಂದ ಗ್ರಾಮೀಣ ಸರ್ಕಾರಿ ಶಾಲೆಗಳ ವಿಜ್ಞಾನ ಕಲಿಕೆಗೆಂದು ಸಂಸ್ಥೆಗೆ ವರ್ಷಕ್ಕೆ 40 ಲಕ್ಷ ರೂಪಾಯಿ ಕೊಟ್ಟಿದೆ. ಫೆಬ್ರುವರಿ 20ರ ವೇಳೆಗೆ 27 ಲಕ್ಷ ಪಾವತಿಯಾಗಿದೆ. ಬ್ಯಾಂಕಿನಲ್ಲಿ 13 ಲಕ್ಷ ಇದೆ. ಇನ್ನೂ ಎರಡು ಊರಿನಲ್ಲಿ ವಿಜ್ಞಾನ ಮೇಳ ಮಾಡೋಣವೆಂದು ಮ್ಯಾನೇಜರ್ ಉತ್ಸಾಹದಿಂದ ಯೋಚಿಸುತ್ತಿದ್ದಾರೆ.

ಆದರೆ ಜನವರಿಯಲ್ಲೇ ಶಿಕ್ಷಕರ ತರಬೇತಿ ಮುಗಿದಿದೆ. ಸಭಾಂಗಣದವರು, ಊಟದವರು, ತರಬೇತುದಾರರು ಯಾರೂ ಇನ್ನೂ ಬಿಲ್ ಕಳಿಸಿಲ್ಲ. ಒಟ್ಟು ಒಂದೂವರೆ ಲಕ್ಷ ಆಗುತ್ತದೆ. ಸೇವೆಯನ್ನು ನಾವು ಪಡೆದಾಗಿದೆ, ಹಣ ಕೊಡಬೇಕಾದ ಬಾಧ್ಯತೆ ಹುಟ್ಟಿಯೂ ಆಗಿದೆ. ಇದೇ ಅಕ್ರೂಯಲ್. ಬಿಲ್ ಬಂದ ದಿನ, ಚೆಕ್ ಕೊಟ್ಟ ದಿನ ಇಲ್ಲಿ ಮುಖ್ಯವಲ್ಲ. ಸರಕು ಕೈಸೇರಿದ ಅಥವಾ ಕೆಲಸ ಮುಗಿದ ದಿನವೇ ಖರ್ಚಿನ ದಿನ.

ಹನ್ನೆರಡು ಶಾಲೆಗಳಿಗೆ ವಿಜ್ಞಾನ ಕಿಟ್ ಕೊಡಲು ಶಾಲೆಗೆ ತೆರಿಗೆ, ಸಾಗಣೆ ಎಲ್ಲ ಸೇರಿ 50 ಸಾವಿರದಂತೆ 6 ಲಕ್ಷಕ್ಕೆ ಪರ್ಚೇಸ್ ಆರ್ಡರ್ ಹೋಗಿದೆ. ಕಿಟ್ ಇನ್ನೂ ಬಂದಿಲ್ಲ, ಹಾಗಾಗಿ ಇದು ಖರ್ಚಲ್ಲ. ಆದರೂ ಆ 6 ಲಕ್ಷವನ್ನು ಬೇರೆಯದಕ್ಕೆ ಮುಟ್ಟುವಂತಿಲ್ಲ. ಮಾರಾಟಗಾರ ಒಪ್ಪಿ ಸರಕು ಕಳಿಸಿದರೆ ದುಡ್ಡು ಕೊಡಲೇಬೇಕು. ಹೀಗೆ ಆರ್ಡರಿನ ಹೆಸರಿಗೆ ಕಟ್ಟಿಹಾಕಿದ ಹಣ ಎನ್‌ಕಂಬ್ರನ್ಸ್. ಇಲ್ಲಿ ಪದೇಪದೇ ಕಾಣುವ ತಪ್ಪೆಂದರೆ ಕೊಟೇಶನ್ನಿನ ಮೂಲ ಬೆಲೆಯನ್ನಷ್ಟೇ ಬರೆದುಕೊಂಡು ತೆರಿಗೆಯನ್ನು ಬಿಟ್ಟುಬಿಡುವುದು. ಬಿಲ್ ಬಂದಾಗ ಬಜೆಟ್ ಸಾಲದೆ ಹೋಗುವುದು ಇದರಿಂದಲೇ.

ಮಕ್ಕಳ ಕೈಪಿಡಿ ಮುದ್ರಿಸಲು 2 ಲಕ್ಷದ ಇಂಡೆಂಟಿಗೆ ನಿರ್ದೇಶಕರು ಸಹಿ ಹಾಕಿದ್ದಾರೆ. ಮುದ್ರಕರು ಯಾರೆಂದು ಇನ್ನೂ ಗೊತ್ತಾಗಿಲ್ಲ, ಆರ್ಡರ್ ಹೋಗಿಲ್ಲ. ಇದು ಕಮಿಟ್‌ಮೆಂಟ್, ಅಂದರೆ ಸಂಸ್ಥೆಯೊಳಗೆ ನಾವೇ ಎತ್ತಿಟ್ಟುಕೊಂಡ ಹಣ. ಹೊರಗಿನವರಿಗೆ ಮಾತು ಕೊಟ್ಟಿಲ್ಲದ ಕಾರಣ ಬೇಡವೆನಿಸಿದರೆ ನಾಳೆಯೇ ರದ್ದು ಮಾಡಬಹುದು. ಎನ್‌ಕಂಬ್ರನ್ಸನ್ನು ಹಾಗೆ ಬಿಡಿಸಿಕೊಳ್ಳಲು ಮಾರಾಟಗಾರರ ಒಪ್ಪಿಗೆ ಬೇಕು. ಈ ಎರಡು ಮಾತುಗಳ ಬಳಕೆ ಎಲ್ಲ ಕಡೆ ಒಂದೇ ಥರ ಇಲ್ಲ. ಕೆಲವು ಕಚೇರಿಗಳಲ್ಲಿ, ಕೆಲವು ಸಾಫ್ಟ್‌ವೇರುಗಳಲ್ಲಿ ಇಂಡೆಂಟ್, ಆರ್ಡರ್ ಎರಡನ್ನೂ ಕಮಿಟ್‌ಮೆಂಟ್ ಎಂದೇ ತೋರಿಸುತ್ತಾರೆ. ಆದ್ದರಿಂದ ಹೊಸ ಮ್ಯಾನೇಜರ್ ತಮ್ಮ ಅಕೌಂಟೆಂಟರನ್ನು ಮೊದಲ ವಾರದಲ್ಲೇ ಕೇಳಬೇಕು: ‘ಈ ಕಾಲಮ್ಮಿನ ಮೊತ್ತ ಇಂಡೆಂಟಿನದಾ ಸರ್, ಪಿಒ ಆದದ್ದಾ?’

ಇವುಗಳ ಜೊತೆಗೆ ಸಿಬ್ಬಂದಿಯ ಸಂಬಳವಿದೆ. ತಿಂಗಳಿಗೆ 1.2 ಲಕ್ಷ, ಫೆಬ್ರುವರಿ ಮತ್ತು ಮಾರ್ಚ್ ಸೇರಿ 2.4 ಲಕ್ಷ. ಈಗ 13 ಲಕ್ಷದಲ್ಲಿ ತರಬೇತಿ, ಕಿಟ್, ಕೈಪಿಡಿ, ಸಂಬಳ ನಾಲ್ಕನ್ನೂ ಕಳೆದರೆ ನಿಜಕ್ಕೂ ಕೈಯಲ್ಲಿ ಉಳಿಯುವುದು 1.1 ಲಕ್ಷ. ಎರಡು ಮೇಳದ ಯೋಚನೆ ಈ ಮೊತ್ತಕ್ಕೆ ತಕ್ಕಂತೆ ಕುಗ್ಗಬೇಕಾಗುತ್ತದೆ.

ಮಾರ್ಚ್ 31 ಬಂತೆನ್ನಿ. ಅಷ್ಟರಲ್ಲಿ ತರಬೇತಿಯ ಬಿಲ್ಲುಗಳೂ ಫೆಬ್ರುವರಿ ಸಂಬಳವೂ ಪಾವತಿಯಾಗಿವೆ. ಮೇಳ ಈ ವರ್ಷ ಬೇಡವೆಂದು ತೀರ್ಮಾನವಾಗಿದೆ. ಹನ್ನೆರಡರಲ್ಲಿ ಎಂಟು ಶಾಲೆಗಳಿಗೆ ಕಿಟ್ ತಲುಪಿದೆ, ಮುಖ್ಯ ಶಿಕ್ಷಕರು ಡೆಲಿವರಿ ಚಲನ್ ಮೇಲೆ ತಾರೀಕು ಹಾಕಿ ಸಹಿ ಮಾಡಿದ್ದಾರೆ, ಬಿಲ್ ಬಂದಿಲ್ಲ. ಆ 4 ಲಕ್ಷ ಎನ್‌ಕಂಬ್ರನ್ಸಿನಿಂದ ಅಕ್ರೂಯಲ್‌ಗೆ ದಾಟುತ್ತದೆ, ಅಂದರೆ ಈ ವರ್ಷದ ಖರ್ಚಾಗುತ್ತದೆ. ಅದಕ್ಕೆ ಆಧಾರ ಆ ಸಹಿಯಾದ ಚಲನ್. ಕ್ಷೇತ್ರ ಸಿಬ್ಬಂದಿ ಅದರ ಫೋಟೋವನ್ನು ಅದೇ ದಿನ ಕಚೇರಿಗೆ ಕಳಿಸದಿದ್ದರೆ ಅಕೌಂಟೆಂಟರಿಗೆ ಕಿಟ್ ತಲುಪಿದ್ದೇ ತಿಳಿಯುವುದಿಲ್ಲ, ಖರ್ಚು ಮುಂದಿನ ವರ್ಷಕ್ಕೆ ಜಾರುತ್ತದೆ. ಅಕ್ರೂಯಲ್ ಕೆಡುವುದು ಬಹುಮಟ್ಟಿಗೆ ಹೀಗೆ, ಲೆಕ್ಕ ಬಾರದೆ ಅಲ್ಲ. ಉಳಿದ ನಾಲ್ಕು ಶಾಲೆಗಳ 2 ಲಕ್ಷ ಎನ್‌ಕಂಬ್ರನ್ಸ್ ಆಗಿಯೇ ಇದೆ. ಕೈಪಿಡಿಯ ಆರ್ಡರ್ ಕೊನೆಗೂ ಹೋಗಲಿಲ್ಲ. ಮಾರ್ಚ್ ಸಂಬಳ ಏಪ್ರಿಲ್ ಮೊದಲ ವಾರ ಹೋಗುವುದರಿಂದ ಆ 1.2 ಲಕ್ಷವೂ ಅಕ್ರೂಯಲ್.

ಆ ದಿನ ಬ್ಯಾಂಕಿನಲ್ಲಿ 10.3 ಲಕ್ಷ ಕಾಣುತ್ತದೆ. ಅದರಲ್ಲಿ 5.2 ಲಕ್ಷ ಕಿಟ್ಟಿನವರಿಗೆ ಮತ್ತು ಸಿಬ್ಬಂದಿಗೆ ಸೇರಿದ್ದು. ಉಳಿದ 5.1 ಲಕ್ಷವೇ ಮುಂದಿನ ವರ್ಷಕ್ಕೆ ಒಯ್ಯಬೇಕಾದ ಹಣ, ಅದು ಕ್ಯಾರಿಓವರ್. ಬ್ಯಾಂಕಿನ ಮೊತ್ತವನ್ನೇ ಉಳಿಕೆಯೆಂದು ಕಂಪನಿಗೆ ಬರೆದರೆ ಸಂಸ್ಥೆ ತನ್ನ ಕೆಲಸವನ್ನು 5.2 ಲಕ್ಷದಷ್ಟು ಕಡಿಮೆ ಮಾಡಿ ತೋರಿಸಿದಂತಾಗುತ್ತದೆ, ಮುಂದಿನ ವರ್ಷದ ಮಂಜೂರಾತಿಗೂ ಅದು ಪೆಟ್ಟು ಕೊಡಬಹುದು.

ಈ 5.1 ಲಕ್ಷವನ್ನು ಒಂದೇ ಗುಡ್ಡೆ ಮಾಡಿ ತೋರಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಕಿಟ್ಟಿನ 2 ಲಕ್ಷಕ್ಕೆ ಆರ್ಡರ್ ಇದೆ, ಸರಕು ಬರುವ ದಿನಾಂಕವಿದೆ. ಕೈಪಿಡಿಯ 2 ಲಕ್ಷಕ್ಕೆ ಒಳಗಿನ ಒಪ್ಪಿಗೆ ಮಾತ್ರ ಇದೆ. 1.1 ಲಕ್ಷಕ್ಕೆ ಯಾವ ಹೆಸರೂ ಇಲ್ಲ. ಮೂರನ್ನೂ ಬೇರೆ ಬೇರೆ ಬರೆದು ಕೊಟ್ಟರೆ, ಯಾವುದನ್ನು ಮುಂದುವರಿಸಬೇಕು, ಯಾವುದಕ್ಕೆ ವಿವರಣೆ ಕೇಳಬೇಕು ಎಂದು ಹಣ ಕೊಟ್ಟವರಿಗೆ ಸ್ಪಷ್ಟವಾಗುತ್ತದೆ. ಕ್ಯಾರಿಓವರ್ ತಾನಾಗಿ ಸಿಗುವ ಹಕ್ಕಲ್ಲ, ಒಪ್ಪಂದದಲ್ಲಿ ಇರಬೇಕು ಅಥವಾ ಕೇಳಿ ಲಿಖಿತ ಒಪ್ಪಿಗೆ ಪಡೆಯಬೇಕು.

ಕಂಪನಿಯವರು ಏಪ್ರಿಲ್ ಹುಟ್ಟುತ್ತಲೇ ಈ ಲೆಕ್ಕಕ್ಕೆ ಅವಸರ ಮಾಡುವುದಕ್ಕೆ ಕಾನೂನಿನ ಕಾರಣವಿದೆ. ಸಂಸ್ಥೆಯ ಖಾತೆಗೆ ಹಣ ಹಾಕಿದ ಮಾತ್ರಕ್ಕೆ ಕಂಪನಿಯ ಸಿಎಸ್‌ಆರ್ ಖರ್ಚು ಆದಂತಲ್ಲ, ಸಂಸ್ಥೆ ಅದನ್ನು ಬಳಸಿರಬೇಕು ಎಂದು ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ 2021ರಲ್ಲಿ ಸ್ಪಷ್ಟಪಡಿಸಿದೆ. ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ, ಮುಂದುವರಿಯುತ್ತಿರುವ ಯೋಜನೆಯಲ್ಲಿ ಕಂಪನಿ ಖರ್ಚು ಮಾಡಬೇಕಿದ್ದು ಉಳಿದ ಹಣ ಆರ್ಥಿಕ ವರ್ಷ ಮುಗಿದ 30 ದಿನಗಳೊಳಗೆ ಪ್ರತ್ಯೇಕ ಬ್ಯಾಂಕ್ ಖಾತೆಗೆ ಹೋಗಬೇಕು, ಮೂರು ಆರ್ಥಿಕ ವರ್ಷಗಳಲ್ಲಿ ಖರ್ಚಾಗಬೇಕು. ಯೋಜನೆ ಆ ಬಗೆಯದಲ್ಲದಿದ್ದರೆ ಆರು ತಿಂಗಳೊಳಗೆ ಕಾಯ್ದೆಯ ಏಳನೇ ಅನುಸೂಚಿಯಲ್ಲಿ ಹೆಸರಿಸಿದ ನಿಧಿಗೆ ಸೇರಬೇಕು. ಹಾಗಾಗಿ ನಮ್ಮ ಯೋಜನೆಯನ್ನು ಕಂಪನಿ ಯಾವ ಬಗೆಯೆಂದು ದಾಖಲಿಸಿದೆ ಎಂಬುದನ್ನು ಮ್ಯಾನೇಜರ್ ಮಾರ್ಚಿಗೆ ಮೊದಲೇ ಕೇಳಿ ತಿಳಿದಿರಬೇಕು. ‘ಬಳಕೆ’ಗೆ ಅವರು ಪಾವತಿಯ ಆಧಾರ ಕೇಳುತ್ತಾರೋ, ಸರಕು ಸೇರಿದ ಆಧಾರ ಸಾಕೋ ಎಂಬುದನ್ನೂ ಆಗಲೇ ಬರವಣಿಗೆಯಲ್ಲಿ ಪಡೆಯಬೇಕು. ಮೇಲಿನ ಲೆಕ್ಕದಲ್ಲಿ ಪಾವತಿಯ ಆಧಾರದಲ್ಲಿ ಖರ್ಚು 29.7 ಲಕ್ಷ, ಅಕ್ರೂಯಲ್ ಆಧಾರದಲ್ಲಿ 34.9 ಲಕ್ಷ. ಎರಡೂ ನಿಜ, ಆದರೆ ಒಂದೇ ವರದಿಯಲ್ಲಿ ಬೆರೆಸುವಂತಿಲ್ಲ.

ಏಪ್ರಿಲಿನಲ್ಲಿ ಇನ್ನೊಂದು ಕಡೆ ಕಣ್ಣಿಡಬೇಕು. ಮಾರ್ಚ್ 31ಕ್ಕೆ ಅಕ್ರೂಯಲ್ ಆಗಿ ಬರೆದ 4 ಲಕ್ಷದ ಕಿಟ್ಟಿನ ಬಿಲ್ ಏಪ್ರಿಲ್ 8ಕ್ಕೆ ಬರುತ್ತದೆ ಎನ್ನೋಣ. ಆ ಬಿಲ್ಲನ್ನು ಹಿಂದಿನ ನಮೂದಿಗೆ ಹೊಂದಿಸದೆ ಹೊಸ ಖರ್ಚೆಂದು ದಾಖಲಿಸಿದರೆ ಎಂಟು ಶಾಲೆಗಳ ಕಿಟ್ ಎರಡು ವರ್ಷದಲ್ಲಿ ಎರಡು ಸಲ ಖರ್ಚಾದಂತೆ ಕಾಣುತ್ತದೆ. ಮೇ ತಿಂಗಳ ವರದಿಯಲ್ಲಿ ಕಿಟ್ಟಿನ ಸಾಲಿನಲ್ಲಿ ನಾಲ್ಕು ಶಾಲೆಗಳ 2 ಲಕ್ಷ ಇರಬೇಕಾದ ಕಡೆ 6 ಲಕ್ಷ ಇದ್ದರೆ ಆಗಿರುವುದು ಇದೇ. ಕೊನೆಯ ಕಿಟ್ ತಲುಪಿ ಬಿಲ್ ತೀರಿದ ಮೇಲೂ ಆ ಆರ್ಡರ್ ಪುಸ್ತಕದಲ್ಲಿ ತೆರೆದೇ ಇದ್ದರೆ, ಬೆಲೆ ಕಡಿಮೆಯಾಗಿ ಉಳಿದ ಹತ್ತಿಪ್ಪತ್ತು ಸಾವಿರ ಯಾರಿಗೂ ಸಿಗದೆ ಕಟ್ಟಿಬಿದ್ದಿರುತ್ತದೆ. ತಿಂಗಳಿಗೊಮ್ಮೆ ಅಕೌಂಟೆಂಟರ ಪಕ್ಕ ಕುಳಿತು, ತೆರೆದಿರುವ ಪ್ರತಿ ಪಿಒ ಯಾಕೆ ತೆರೆದಿದೆ ಎಂದು ಕೇಳಿ, ಮುಗಿದದ್ದನ್ನು ಮುಚ್ಚಿಸಿದರೆ ಆ ಹಣ ಮತ್ತೆ ಕಾರ್ಯಕ್ರಮಕ್ಕೆ ಬರುತ್ತದೆ.